ಒಂದು ಜೋಡಿ, ಹಲವು ಆಯ್ಕೆಗಳು: ಹೊಂದಿಸಿ ಬರೆಯುವ ಪ್ರಶ್ನೆಗಳ ಒಳಗುಟ್ಟು

ಸ್ಪರ್ಧಾತ್ಮಕ ಪರೀಕ್ಷೆಗಳ ‘ಹೊಂದಿಸಿ ಬರೆಯಿರಿ’ ಪ್ರಶ್ನೆ ಶಾಲೆಯ ‘ಹೊಂದಿಸಿ ಬರೆಯಿರಿ’ಗಿಂತ ತೀರಾ ಬೇರೆ. ಶಾಲೆಯ ಪರೀಕ್ಷೆಯಲ್ಲಿ ಎಡಗಡೆಯ ಪ್ರತಿ ಹೆಸರಿಗೂ ಬಲಗಡೆಯಿಂದ ಒಂದನ್ನು ಆರಿಸಿ ಬರೆದರೆ ಪ್ರತಿ ಜೋಡಿಗೂ ಬೇರೆಬೇರೆಯಾಗಿ ಅಂಕ ಸಿಗುತ್ತದೆ. ಎರಡು ಜೋಡಿ ಸರಿಯಿದ್ದರೆ ಎರಡರ ಅಂಕವಾದರೂ ಕೈಸೇರುತ್ತದೆ. ಬಹು ಆಯ್ಕೆಯ ಪತ್ರಿಕೆಯಲ್ಲಿ ಹಾಗಲ್ಲ. ಅಲ್ಲಿ ನಾಲ್ಕೂ ಜೋಡಿಗಳನ್ನು ಒಟ್ಟಿಗೆ ಕಟ್ಟಿ ಒಂದು ಸಂಕೇತ ಮಾಡಿರುತ್ತಾರೆ. ಅಂಥ ನಾಲ್ಕು ಸಂಕೇತಗಳೇ ನಾಲ್ಕು ಆಯ್ಕೆಗಳು. ಅಭ್ಯರ್ಥಿ ಓಎಂಆರ್ ಹಾಳೆಯಲ್ಲಿ ತುಂಬುವುದು ಒಂದೇ ವೃತ್ತ. ಪೂರ್ತಿ ಅಂಕ ಬಂದರೆ ಬಂತು, ಇಲ್ಲದಿದ್ದರೆ ಏನೂ ಇಲ್ಲ.

ಜೋಡಿಗಳನ್ನು ಹೀಗೆ ಕಟ್ಟಿಹಾಕುವುದರಿಂದ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ಜೋಡಿ ಎರಡು ಅಥವಾ ಮೂರು ಆಯ್ಕೆಗಳಲ್ಲಿ ಕಾಣಿಸಿಕೊಂಡಿದ್ದರೆ, ಆ ಜೋಡಿ ತಪ್ಪೆಂದು ತಿಳಿದ ಕೂಡಲೇ ಅಷ್ಟೂ ಆಯ್ಕೆಗಳು ಒಮ್ಮೆಗೇ ಬಿದ್ದುಹೋಗುತ್ತವೆ. ಅಭ್ಯರ್ಥಿಗೆ ಇದು ದೊಡ್ಡ ಅನುಕೂಲ. ಅಪಾಯವೂ ಇದರಲ್ಲೇ ಇದೆ. ಸರಿಯಾದ ಜೋಡಿಯನ್ನು ತಪ್ಪೆಂದು ಭಾವಿಸಿದರೆ, ಬಿದ್ದುಹೋಗುವ ಆಯ್ಕೆಗಳ ಜೊತೆ ಸರಿಯುತ್ತರವೂ ಹೋಗುತ್ತದೆ.

ಮೊದಲು ಸ್ವಲ್ಪ ಲೆಕ್ಕ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಇದ್ದಾಗ ಅವನ್ನು ಒಟ್ಟು 24 ರೀತಿಯಲ್ಲಿ ಹೊಂದಿಸಬಹುದು. ಇವುಗಳಲ್ಲಿ ನಾಲ್ಕೂ ಸರಿಯಿರುವುದು ಒಂದೇ. ಸರಿಯಾಗಿ ಎರಡೇ ಜೋಡಿ ಸರಿಯಿರುವ ಹೊಂದಾಣಿಕೆಗಳು 6, ಒಂದೇ ಜೋಡಿ ಸರಿಯಿರುವವು 8, ಒಂದೂ ಸರಿಯಿಲ್ಲದವು 9. ಮೂರು ಸರಿ, ಒಂದು ಮಾತ್ರ ತಪ್ಪು ಎನ್ನುವ ಹೊಂದಾಣಿಕೆ ಇಲ್ಲವೇ ಇಲ್ಲ. ಮೂರಕ್ಕೆ ಸರಿಯಾದ ಸ್ಥಳ ಸಿಕ್ಕ ಮೇಲೆ ಉಳಿದ ಒಂದಕ್ಕೆ ಉಳಿದಿರುವುದು ಅದರ ಸ್ಥಳವೇ. ಅಂದರೆ ಈ ಬಗೆಯ ಪ್ರಶ್ನೆಯಲ್ಲಿ ತಪ್ಪು ಎಂದೂ ಒಂಟಿಯಾಗಿ ಬರುವುದಿಲ್ಲ. ಒಂದು ಜೋಡಿ ಕೆಟ್ಟರೆ ಕನಿಷ್ಠ ಇನ್ನೊಂದೂ ಕೆಡುತ್ತದೆ. ಪ್ರಶ್ನೆ ತಯಾರಿಸುವವರು ತಪ್ಪು ಆಯ್ಕೆಗಳನ್ನು ಕಟ್ಟುವುದೂ, ಉತ್ತರಿಸುವವರು ತಮ್ಮ ತಪ್ಪನ್ನು ಪತ್ತೆಹಚ್ಚುವುದೂ ಈ ಸಂಗತಿಯ ಆಧಾರದಿಂದಲೇ.

ಕರ್ನಾಟಕದ ಅಣೆಕಟ್ಟುಗಳು ಮತ್ತು ನದಿಗಳ ಬಗ್ಗೆ ಒಂದು ಪ್ರಶ್ನೆಯನ್ನು ನೋಡಬಹುದು.

ಪಟ್ಟಿ ಒಂದು: ಎ. ಹಿಡಕಲ್, ಬಿ. ನವಿಲುತೀರ್ಥ, ಸಿ. ಲಿಂಗನಮಕ್ಕಿ, ಡಿ. ಸೂಪಾ.

ಪಟ್ಟಿ ಎರಡು: 1. ಕಾಳಿ; 2. ಮಲಪ್ರಭಾ, 3. ಶರಾವತಿ, 4. ಘಟಪ್ರಭಾ.

ಮೊದಲ ಆಯ್ಕೆ: ಎ-4, ಬಿ-2, ಸಿ-3, ಡಿ-1
ಎರಡನೆಯ ಆಯ್ಕೆ: ಎ-2, ಬಿ-4, ಸಿ-3, ಡಿ-1
ಮೂರನೆಯ ಆಯ್ಕೆ: ಎ-4, ಬಿ-2, ಸಿ-1, ಡಿ-3
ನಾಲ್ಕನೆಯ ಆಯ್ಕೆ: ಎ-2, ಬಿ-4, ಸಿ-1, ಡಿ-3

ಲಿಂಗನಮಕ್ಕಿಯ ನೀರಿನಿಂದಲೇ ಶರಾವತಿ ಕಣಿವೆಯ ವಿದ್ಯುದಾಗಾರಗಳು ನಡೆಯುತ್ತವೆ ಎಂಬುದು ಬಹಳ ಜನರಿಗೆ ಗೊತ್ತು. ಆದ್ದರಿಂದ ಸಿ-1 ತಪ್ಪು. ಆ ಒಂದು ಜೋಡಿ ಮೂರನೆಯ ಮತ್ತು ನಾಲ್ಕನೆಯ ಆಯ್ಕೆ ಎರಡರಲ್ಲೂ ಇರುವುದರಿಂದ ಎರಡೂ ಒಟ್ಟಿಗೆ ಹೋಗುತ್ತವೆ. ಉಳಿಯುವುದು ಮೊದಲೆರಡು. ಈಗ ಪ್ರಶ್ನೆ ಬೆಳಗಾವಿ ಜಿಲ್ಲೆಯ ಎರಡು ಅಣೆಕಟ್ಟುಗಳಿಗೆ ಬಂದು ನಿಲ್ಲುತ್ತದೆ. ಹಿಡಕಲ್ ಇರುವುದು ಹುಕ್ಕೇರಿ ತಾಲ್ಲೂಕಿನಲ್ಲಿ, ಘಟಪ್ರಭಾ ನದಿಗೆ. ಅದೇ ನದಿ ಮುಂದೆ ಗೋಕಾಕದಲ್ಲಿ ಜಲಪಾತವಾಗಿ ಧುಮುಕುತ್ತದೆ. ನವಿಲುತೀರ್ಥ ಇರುವುದು ಸವದತ್ತಿಯ ಹತ್ತಿರ, ಮಲಪ್ರಭಾ ನದಿಗೆ. ಅದರ ಜಲಾಶಯಕ್ಕೆ ರೇಣುಕಾಸಾಗರ ಎಂದು ಹೆಸರು. ಪಟ್ಟದಕಲ್ಲು, ಐಹೊಳೆ ಇರುವುದೂ ಈ ಮಲಪ್ರಭೆಯ ದಂಡೆಯ ಮೇಲೆ. ಹಾಗಾಗಿ ಎ-4, ಬಿ-2 ಸರಿ. ಉತ್ತರ ಮೊದಲ ಆಯ್ಕೆ.

ಇಲ್ಲಿ ಬೇಕಾದದ್ದು ಎರಡೇ ಸಂಗತಿ. ಅದಕ್ಕಿಂತ ಮುಖ್ಯವಾದದ್ದು ಆ ಎರಡು ಸಂಗತಿಗಳು ಯಾವುವು ಎಂಬುದು. ಲಿಂಗನಮಕ್ಕಿಯೂ ಗೊತ್ತು, ಸೂಪಾವೂ ಗೊತ್ತು ಎನ್ನುವ ಅಭ್ಯರ್ಥಿಗೆ ಒಂದೇ ಸಂಗತಿ ಗೊತ್ತಿರುವವನಿಗಿಂತ ಹೆಚ್ಚಿನ ಲಾಭವಿಲ್ಲ. ನಾಲ್ಕೂ ಆಯ್ಕೆಗಳಲ್ಲಿ ಸಿ ಮತ್ತು ಡಿ ಒಂದಕ್ಕೊಂದು ಬೆಸೆದುಕೊಂಡೇ ಅದಲುಬದಲಾಗುತ್ತವೆ. ಸಿ ತಿಳಿದರೆ ಡಿ ತಾನಾಗಿ ತಿಳಿದಂತೆ. ಎ ಮತ್ತು ಬಿ ಕೂಡ ಹಾಗೆಯೇ. ಲಿಂಗನಮಕ್ಕಿಯನ್ನು ನಿರ್ಧರಿಸಿದ ಮೇಲೆ ಸೂಪಾ ಯಾವ ನದಿಗೆ ಎಂದು ತಲೆ ಕೆಡಿಸಿಕೊಳ್ಳುವುದು ಸಮಯ ಕಳೆದಂತೆ, ಆ ನಿಮಿಷವನ್ನು ಹಿಡಕಲ್‌ಗೋ ನವಿಲುತೀರ್ಥಕ್ಕೋ ಕೊಡಬೇಕು. ಆಯ್ಕೆಗಳನ್ನು ಮೇಲಿನಿಂದ ಕೆಳಕ್ಕೆ, ಅಂದರೆ ಒಂದೊಂದು ಅಕ್ಷರದ ಕೆಳಗೂ ಯಾವ ಅಂಕಿಗಳಿವೆ ಎಂದು ಒಮ್ಮೆ ಕಣ್ಣಾಡಿಸಿದರೆ ಈ ಬೆಸುಗೆ ಕಾಣುತ್ತದೆ. ಹೆಚ್ಚಿನವರು ಆಯ್ಕೆಗಳನ್ನು ಎಡದಿಂದ ಬಲಕ್ಕೆ ಮಾತ್ರ ಓದುವುದರಿಂದ ಅದು ಅವರ ಕಣ್ಣಿಗೆ ಬೀಳುವುದಿಲ್ಲ.

ಇದೇ ಪ್ರಶ್ನೆಯಲ್ಲಿ ಅಭ್ಯರ್ಥಿ ಎಡವುವುದು ಎಲ್ಲಿ ಎಂದೂ ನೋಡಬೇಕು. ಘಟಪ್ರಭಾ, ಮಲಪ್ರಭಾ ಹೆಸರುಗಳು ಕಿವಿಗೆ ಹತ್ತಿರ. ಎರಡೂ ಕೃಷ್ಣೆಯ ಉಪನದಿಗಳು, ಎರಡೂ ಅಣೆಕಟ್ಟುಗಳು ಒಂದೇ ಜಿಲ್ಲೆಯಲ್ಲಿವೆ. ಯಾರಾದರೂ ಅವಸರದಲ್ಲಿ ‘ಹಿಡಕಲ್ ಮಲಪ್ರಭೆಗೆ’ ಎಂದು ತೀರ್ಮಾನಿಸಿದರೆ ಎ-4 ಇರುವ ಮೊದಲ ಮತ್ತು ಮೂರನೆಯ ಆಯ್ಕೆಗಳೆರಡೂ ಹೊಡೆದುಹೋಗುತ್ತವೆ. ಆಮೇಲೆ ಲಿಂಗನಮಕ್ಕಿಯ ಬಗ್ಗೆ ಎಷ್ಟೇ ಖಚಿತವಾಗಿ ಯೋಚಿಸಿದರೂ ಅವನು ಹೋಗಿ ತಲುಪುವುದು ಎರಡನೆಯ ಆಯ್ಕೆಯನ್ನು. ಅದರಲ್ಲಿ ಎರಡು ಜೋಡಿ ಸರಿಯಾಗಿಯೇ ಇರುವುದರಿಂದ ಉತ್ತರ ಸರಿಯೆಂದೇ ಅನ್ನಿಸುತ್ತದೆ. ತಪ್ಪು ಆಯ್ಕೆಗೆ ಸರಿಯಾದ ಎರಡು ಜೋಡಿಗಳನ್ನು ಸೇರಿಸುವುದು ಇದಕ್ಕಾಗಿಯೇ.

ಆದರೆ ತಪ್ಪು ಒಂಟಿಯಾಗಿ ಬರುವುದಿಲ್ಲವಾದ್ದರಿಂದ ಅದನ್ನು ಹಿಡಿಯುವ ದಾರಿಯೂ ಇದೆ. ಹಿಡಕಲ್‌ಗೆ ಮಲಪ್ರಭಾ ಕೊಟ್ಟರೆ ನವಿಲುತೀರ್ಥಕ್ಕೆ ಘಟಪ್ರಭಾ ಕೊಡಲೇಬೇಕಾಗುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರಿಗೆ ಅಲ್ಲಿಯ ಹೊಳೆ ಮಲಪ್ರಭಾ ಎಂದು ಗೊತ್ತಿರುತ್ತದೆ. ಆಗ ಎರಡು ತಿಳಿವಳಿಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಮೊದಲ ತೀರ್ಮಾನವನ್ನು ಮತ್ತೆ ತೂಗಬೇಕು ಎಂಬುದು ಸ್ಪಷ್ಟವಾಗುತ್ತದೆ. ಒಂದು ಆಯ್ಕೆಯನ್ನು ಆರಿಸಿದ ಮೇಲೆ, ಅದನ್ನು ಆರಿಸಲು ಬಳಸದೇ ಇದ್ದ ಒಂದು ಜೋಡಿಯನ್ನು ತೆಗೆದುಕೊಂಡು ಪರೀಕ್ಷಿಸುವುದು ಆದ್ದರಿಂದಲೇ ಒಳ್ಳೆಯ ಅಭ್ಯಾಸ. ಬಳಸಿದ ಜೋಡಿಯನ್ನೇ ಮತ್ತೆ ನೋಡಿದರೆ ಅದು ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತದೆ.

ಎಲ್ಲ ಪ್ರಶ್ನೆಗಳೂ ಮೇಲಿನದರಂತೆ ಸಮವಾಗಿ ಹೆಣೆದಿರುವುದಿಲ್ಲ. ಹಳಗನ್ನಡ ಸಾಹಿತ್ಯದ ಈ ಪ್ರಶ್ನೆಯ ಹೆಣಿಗೆ ಬೇರೆ.

ಪಟ್ಟಿ ಒಂದು: ಎ. ಆದಿಪುರಾಣ, ಬಿ. ಶಾಂತಿಪುರಾಣ, ಸಿ. ಅಜಿತಪುರಾಣ; ಡಿ. ಅನಂತನಾಥ ಪುರಾಣ.

ಪಟ್ಟಿ ಎರಡು: 1. ರನ್ನ, 2. ಜನ್ನ, 3. ಪಂಪ; 4. ಪೊನ್ನ.

ಮೊದಲ ಆಯ್ಕೆ: ಎ-3, ಬಿ-1, ಸಿ-4, ಡಿ-2
ಎರಡನೆಯ ಆಯ್ಕೆ: ಎ-3, ಬಿ-4, ಸಿ-2, ಡಿ-1
ಮೂರನೆಯ ಆಯ್ಕೆ: ಎ-3, ಬಿ-4, ಸಿ-1, ಡಿ-2
ನಾಲ್ಕನೆಯ ಆಯ್ಕೆ: ಎ-3, ಬಿ-2, ಸಿ-1, ಡಿ-4

ಆದಿಪುರಾಣ ಪಂಪನದು ಎಂಬುದು ಕನ್ನಡ ಓದಿದವರಿಗೆಲ್ಲ ಗೊತ್ತಿರುವ ವಿಷಯ. ಪ್ರಶ್ನೆ ತಯಾರಿಸಿದವರಿಗೂ ಅದು ಗೊತ್ತು. ಆದ್ದರಿಂದಲೇ ಎ-3 ನಾಲ್ಕೂ ಆಯ್ಕೆಗಳಲ್ಲಿದೆ. ಆ ಜೋಡಿ ಯಾವ ಆಯ್ಕೆಯನ್ನೂ ತೆಗೆಯುವುದಿಲ್ಲ, ಉಳಿಸುವುದೂ ಇಲ್ಲ. ಪ್ರಶ್ನೆ ನೋಡಲು ನಾಲ್ಕು ಜೋಡಿಯದಾದರೂ ಪರೀಕ್ಷಿಸುವುದು ಮೂರನ್ನೇ. ಎ-3 ಒಂದೇ ಆಯ್ಕೆಯಲ್ಲಿದ್ದಿದ್ದರೆ ಪಂಪನ ಹೆಸರು ಕೇಳಿದವರೆಲ್ಲ ಉಳಿದ ಮೂರನ್ನು ಓದದೆಯೇ ಅಂಕ ಗಳಿಸುತ್ತಿದ್ದರು, ಅದು ಇನ್ನೂ ಕೆಟ್ಟ ಪ್ರಶ್ನೆಯಾಗುತ್ತಿತ್ತು.

ಶಾಂತಿಪುರಾಣ ಪೊನ್ನನದು, ಅಜಿತಪುರಾಣ ರನ್ನನದು, ಅನಂತನಾಥ ಪುರಾಣ ಜನ್ನನದು. ಸರಿಯುತ್ತರ ಮೂರನೆಯ ಆಯ್ಕೆ. ಇಲ್ಲಿ ನಿಜವಾದ ಗೊಂದಲ ಪೊನ್ನ ಮತ್ತು ರನ್ನರ ನಡುವೆ, ಅದಕ್ಕೆ ಕಾರಣ ಪ್ರಾಸದ ಹೆಸರುಗಳಷ್ಟೇ ಅಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಎರಡೂ ಕಾವ್ಯಗಳ ಜೊತೆ ಬರುತ್ತಾಳೆ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಅವಳು. ರನ್ನ ಅಜಿತಪುರಾಣ ಬರೆದದ್ದೂ ಅವಳ ಆಶ್ರಯದಲ್ಲಿ. ‘ಅತ್ತಿಮಬ್ಬೆ ಎಂದರೆ ರನ್ನ, ಅತ್ತಿಮಬ್ಬೆ ಎಂದರೆ ಶಾಂತಿಪುರಾಣದ ಪ್ರತಿಗಳು’ ಎಂದು ಎರಡನ್ನೂ ಬಿಡಿಬಿಡಿಯಾಗಿ ನೆನಪಿಟ್ಟವನು ಶಾಂತಿಪುರಾಣವನ್ನು ರನ್ನನಿಗೆ ಕಟ್ಟುವುದು ಸಹಜ. ಬಿ-1 ಎಂದು ನಿರ್ಧರಿಸಿದ ಕೂಡಲೇ ಅವನ ಪಾಲಿಗೆ ಮೂರು ಆಯ್ಕೆಗಳು ಒಮ್ಮೆಗೇ ಮುಗಿದವು. ಉಳಿಯುವುದು ಮೊದಲನೆಯದು ಮಾತ್ರ. ಒಂದೇ ಹೆಜ್ಜೆಯಲ್ಲಿ ಉತ್ತರ ಸಿಕ್ಕಿದ್ದರಿಂದ ಅವನಿಗೆ ಸಂಶಯ ಬರುವುದೂ ಇಲ್ಲ. ಅವನು ಆ ಆಯ್ಕೆಯ ಮೂರನೆಯ ಜೋಡಿಯನ್ನು ನೋಡಿದರೆ ಅಜಿತಪುರಾಣ ಪೊನ್ನನದು ಎಂದಿರುತ್ತದೆ. ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನ ಬರೆದ ಪುರಾಣ ಯಾವುದು ಎಂದು ಅಲ್ಲಿಯಾದರೂ ಕೇಳಿಕೊಂಡರೆ ತಪ್ಪು ಹೊರಬೀಳುತ್ತದೆ. ಮೂರು ಆಯ್ಕೆಗಳನ್ನು ಒಂದೇ ಏಟಿಗೆ ಕೆಡಹುವ ಜೋಡಿ ಸಿಕ್ಕಾಗ ಸಂತೋಷಪಡುವುದಕ್ಕಿಂತ ಮೊದಲು ಅದನ್ನೇ ಹೆಚ್ಚು ಅನುಮಾನದಿಂದ ನೋಡಬೇಕು. ಅಷ್ಟು ಭಾರ ಹೊರುವ ಜೋಡಿ ಅಷ್ಟೇ ಗಟ್ಟಿಯಾಗಿರಬೇಕು.

ಈ ಪ್ರಶ್ನೆಯ ಹೆಣಿಗೆಯಲ್ಲಿ ಇನ್ನೊಂದು ದೋಷವಿದೆ, ಅದು ಪ್ರಶ್ನೆ ತಯಾರಿಸುವವರು ಗಮನಿಸಬೇಕಾದದ್ದು. ಬಿ ಅಕ್ಷರದ ಕೆಳಗೆ 4 ಎರಡು ಸಲ ಬಂದಿದೆ, 1 ಮತ್ತು 2 ಒಂದೊಂದು ಸಲ. ಸಿ ಕೆಳಗೆ 1 ಎರಡು ಸಲ. ಡಿ ಕೆಳಗೆ 2 ಎರಡು ಸಲ. ಪ್ರತಿ ಅಕ್ಷರಕ್ಕೂ ಹೆಚ್ಚು ಸಲ ಬಂದ ಅಂಕಿಯನ್ನು ಆರಿಸುತ್ತ ಹೋದರೆ ಎ-3, ಬಿ-4, ಸಿ-1, ಡಿ-2 ಸಿಗುತ್ತದೆ. ಅದೇ ಸರಿಯುತ್ತರ! ಪಂಪನ ಹೆಸರನ್ನೇ ಕೇಳದವನೂ ಎಣಿಸಿ ಅಂಕ ಪಡೆಯಬಹುದು. ಸರಿಯುತ್ತರವನ್ನು ಮೊದಲು ಬರೆದುಕೊಂಡು, ಅದರಲ್ಲೇ ಎರಡೆರಡು ಅಂಕಿಗಳನ್ನು ಅದಲುಬದಲು ಮಾಡಿ ಮೂರು ತಪ್ಪು ಆಯ್ಕೆಗಳನ್ನು ಮಾಡಿದಾಗ ಹೀಗಾಗುತ್ತದೆ. ತಪ್ಪು ಆಯ್ಕೆಗಳು ತಮ್ಮತಮ್ಮಲ್ಲಿ ಹೋಲುವುದಕ್ಕಿಂತ ಹೆಚ್ಚಾಗಿ ಸರಿಯುತ್ತರವನ್ನು ಹೋಲುತ್ತವೆ, ಆ ಹೋಲಿಕೆಯೇ ಗುಟ್ಟು ಬಿಟ್ಟುಕೊಡುತ್ತದೆ. ಅಣೆಕಟ್ಟುಗಳ ಪ್ರಶ್ನೆಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಪ್ರತಿ ಅಕ್ಷರದ ಕೆಳಗೂ ಎರಡು ಅಂಕಿಗಳು ಎರಡೆರಡು ಸಲ ಬಂದಿರುವುದರಿಂದ ಎಣಿಕೆಯಿಂದ ಏನೂ ತಿಳಿಯದು. ಅಭ್ಯರ್ಥಿಗಳು ಈ ಎಣಿಕೆಯನ್ನು ನಂಬಿ ಕೂರುವುದು ಮಾತ್ರ ಸಲ್ಲದು. ಎಚ್ಚರದಿಂದ ತಯಾರಿಸಿದ ಪತ್ರಿಕೆಯಲ್ಲಿ ಒಂದು ತಪ್ಪು ಆಯ್ಕೆಯನ್ನೇ ಉಳಿದವು ಹೋಲುವಂತೆ ಕಟ್ಟಿರಬಹುದು.

ಬಲಗಡೆಯ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಿಗೆ ಕೊಡುವುದು ಇನ್ನೊಂದು ಕ್ರಮ. ನಾಲ್ಕು ಅಣೆಕಟ್ಟು, ಐದು ನದಿ. ಹೊಂದಿಸುವ ರೀತಿಗಳು 24ರಿಂದ 120ಕ್ಕೆ ಏರುತ್ತವೆ. ಅದಕ್ಕಿಂತ ಮುಖ್ಯವಾಗಿ, ‘ಉಳಿದದ್ದು ಉಳಿದದ್ದಕ್ಕೆ’ ಎಂಬ ಆಸರೆ ತಪ್ಪುತ್ತದೆ. ಮೂರು ಜೋಡಿ ಸರಿಯಿದ್ದೂ ನಾಲ್ಕನೆಯದು ಮಾತ್ರ ತಪ್ಪಾಗಿರುವ ಆಯ್ಕೆ ಈಗ ಸಾಧ್ಯ. ಮೇಲೆ ಹೇಳಿದ ತಪ್ಪು ಹಿಡಿಯುವ ದಾರಿಯೂ ಇಲ್ಲಿ ಅರ್ಧ ಮುಚ್ಚಿಹೋಗುತ್ತದೆ.

ಎರಡು ಆಯ್ಕೆ ಉಳಿದಾಗ ಊಹಿಸಿ ಉತ್ತರಿಸಬೇಕೇ, ಬಿಡಬೇಕೇ ಎಂಬುದು ತಪ್ಪಿಗೆ ಎಷ್ಟು ಅಂಕ ಕಳೆಯುತ್ತಾರೆ ಎಂಬುದನ್ನು ಅವಲಂಬಿಸಿದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪ್ರಾಥಮಿಕ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ 100 ಪ್ರಶ್ನೆಗಳಿಗೆ 200 ಅಂಕ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಳೆಯುತ್ತಾರೆ. ನಾಲ್ಕೂ ಆಯ್ಕೆಗಳು ಉಳಿದಿರುವಾಗ ಕಣ್ಣುಮುಚ್ಚಿ ಉತ್ತರಿಸಿದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆ ಬಿದ್ದು ಮೂರು ಉಳಿದರೆ ಪ್ರಶ್ನೆಗೆ ಸರಾಸರಿ 0.22 ಅಂಕ ಲಾಭ, ಎರಡು ಉಳಿದರೆ 0.67. ಒಂದೇ ಜೋಡಿ ಗೊತ್ತಿದ್ದು ಎರಡು ಆಯ್ಕೆಗಳನ್ನು ತೆಗೆದವನು ಪ್ರಶ್ನೆಯನ್ನು ಬಿಡಬಾರದು ಎಂಬ ಸಲಹೆಯ ಹಿಂದೆ ಇರುವುದು ಈ ಲೆಕ್ಕ. ಆದರೆ ಇದು ನಿಲ್ಲುವುದು ಆ ಆಯ್ಕೆಗಳನ್ನು ಸರಿಯಾಗಿ ತೆಗೆದಿದ್ದರೆ ಮಾತ್ರ. ಜೋಡಿಯ ಬಗೆಗಿನ ತಿಳಿವಳಿಕೆಯೇ ತಪ್ಪಾಗಿದ್ದರೆ ಸರಿಯುತ್ತರ ಆಗಲೇ ಹೊರಗೆ ಹೋಗಿರುತ್ತದೆ, ಉಳಿದ ಎರಡರಲ್ಲಿ ಯಾವುದನ್ನು ಆರಿಸಿದರೂ 0.67 ಅಂಕ ನಷ್ಟ ಖಂಡಿತ.

ಹಾಗಾಗಿ ‘ಇದು ಸರಿ’ ಎನ್ನುವುದಕ್ಕಿಂತ ‘ಇದು ಖಂಡಿತ ಅಲ್ಲ’ ಎನ್ನುವ ತಿಳಿವಳಿಕೆಯಿಂದ ಶುರುಮಾಡುವುದು ಹೆಚ್ಚು ಕ್ಷೇಮ. ಸೂಪಾ ಯಾವ ನದಿಗೆ ಎಂದು ನೆನಪಿಲ್ಲದವನಿಗೂ ಅದು ಉತ್ತರ ಕನ್ನಡದ ಜೊಯಿಡಾ ಕಡೆಯದು ಎಂದು ಗೊತ್ತಿರಬಹುದು. ಸಾಗರ ತಾಲ್ಲೂಕಿನ ಶರಾವತಿ ಅಲ್ಲಿಲ್ಲ ಎಂಬಷ್ಟರಿಂದಲೇ ಡಿ-3 ಇರುವ ಎರಡು ಆಯ್ಕೆಗಳು ಬೀಳುತ್ತವೆ. ನದಿಯ ಹೆಸರು ಬೇಕಾಗಲೇ ಇಲ್ಲ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದಿ ತಯಾರಾಗುವವರನ್ನು ಕಾಡುವ ಇನ್ನೊಂದು ಬಗೆಯ ತಪ್ಪಿದೆ. ಜೋಡಿ ಒಂದು ಕಾಲಕ್ಕೆ ಸರಿಯಾಗಿದ್ದು ಈಗ ತಪ್ಪಾಗಿರುತ್ತದೆ. ಹಂಪಿ ಇರುವುದು ಬಳ್ಳಾರಿ ಜಿಲ್ಲೆಯಲ್ಲಿ ಎಂಬುದು ದಶಕಗಳ ಕಾಲ ಸರಿಯುತ್ತರ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹಂಪಿ ಅಲ್ಲಿಗೆ ಸೇರಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಬಲಗಡೆಯಲ್ಲಿ ಬಳ್ಳಾರಿ, ವಿಜಯನಗರ ಎರಡೂ ಇದ್ದು ಎಡಗಡೆಯಲ್ಲಿ ಹಂಪಿ, ಸಂಡೂರು ಇದ್ದರೆ, ಹಳೆಯ ನೆನಪಿನಿಂದ ಹಂಪಿಯನ್ನು ಬಳ್ಳಾರಿಗೆ ಕಟ್ಟಿದವನಿಗೆ ಸಂಡೂರಿಗೆ ಜಾಗ ಸಿಗುವುದಿಲ್ಲ. ಇಂಥ ಇಕ್ಕಟ್ಟು ಬಂದಾಗ ಮೊದಲ ಜೋಡಿ ಹಳಸಿದೆ ಎಂದು ತಿಳಿಯಬೇಕು. ಬಲಗಡೆಯಲ್ಲಿ ಬಳ್ಳಾರಿ ಮಾತ್ರ ಇದ್ದರೆ, ಎಡಗಡೆಯಲ್ಲಿ ಎರಡೂ ಊರು ಇದ್ದರೆ ತಪ್ಪು ಪ್ರಶ್ನೆಯದೇ. ಒಂದು ಹೆಸರಿಗೆ ಎರಡು ವಾರಸುದಾರರಿದ್ದಾಗ, ಅಥವಾ ಒಬ್ಬರೂ ಇಲ್ಲದಾಗ, ಕೆಡುವುದು ಆ ಜೋಡಿಯಷ್ಟೇ ಅಲ್ಲ. ನಾಲ್ಕೂ ಆಯ್ಕೆಗಳು ಅದರ ಮೇಲೆ ನಿಂತಿರುವುದರಿಂದ ಇಡೀ ಪ್ರಶ್ನೆಯೇ ಬೀಳುತ್ತದೆ. ಕೀ ಉತ್ತರಗಳಿಗೆ ಆಕ್ಷೇಪಣೆ ಸಲ್ಲಿಸುವಾಗ ಉಳಿದ ಮೂರು ಜೋಡಿ ಸರಿಯಿವೆ ಎಂಬ ವಾದದಿಂದ ಅಂಥ ಪ್ರಶ್ನೆಯನ್ನು ಉಳಿಸಲು ಬರುವುದಿಲ್ಲ.

ಆಯ್ಕೆಗಳನ್ನು ತೆಗೆಯುತ್ತ ಹೋಗುವ ಈ ದಾರಿಯನ್ನೇ ಮುಚ್ಚುವ ಪ್ರಶ್ನೆಗಳೂ ಈಗ ಬರುತ್ತಿವೆ. ನಾಗರಿಕ ಸೇವಾ ಪ್ರಾಥಮಿಕ ಪರೀಕ್ಷೆಯ 2023ರ ಪತ್ರಿಕೆಯಲ್ಲಿ ಇವು ಎದ್ದುಕಾಣುವಷ್ಟಿದ್ದವು. ಅಲ್ಲಿ ಜೋಡಿಗಳನ್ನು ಹೊಂದಿಸಿಯೇ ಕೊಟ್ಟು, ‘ಮೇಲಿನವುಗಳಲ್ಲಿ ಎಷ್ಟು ಜೋಡಿಗಳು ಸರಿಯಾಗಿವೆ’ ಎಂದು ಕೇಳುತ್ತಾರೆ. ಆಯ್ಕೆಗಳು ಒಂದು ಮಾತ್ರ, ಎರಡು ಮಾತ್ರ, ಮೂರು ಮಾತ್ರ, ಎಲ್ಲ ನಾಲ್ಕು. ಒಂದು ಜೋಡಿ ತಪ್ಪೆಂದು ತಿಳಿದರೆ ಬೀಳುವುದು ‘ಎಲ್ಲ ನಾಲ್ಕು’ ಎಂಬ ಒಂದೇ ಆಯ್ಕೆ. ಒಂದು ಜೋಡಿ ಸರಿಯೆಂದು ತಿಳಿದರೆ ಯಾವುದೂ ಬೀಳುವುದಿಲ್ಲ. ಇಲ್ಲಿ ಒಂದೊಂದು ಜೋಡಿಯನ್ನೂ ಬೇರೆಬೇರೆಯಾಗಿ ಬಲ್ಲವನಿಗೆ ಮಾತ್ರ ಉತ್ತರ ಗಟ್ಟಿಯಾಗಿ ಸಿಗುತ್ತದೆ. ಈ ಕ್ರಮಕ್ಕೂ ಒಂದು ಕೊರತೆ ಇದ್ದೇ ಇದೆ. ಸರಿಯಾದ ಒಂದು ಜೋಡಿಯನ್ನು ತಪ್ಪೆಂದೂ, ತಪ್ಪಾದ ಇನ್ನೊಂದನ್ನು ಸರಿಯೆಂದೂ ಎಣಿಸಿದವನ ಒಟ್ಟು ಲೆಕ್ಕ ಸರಿಹೋಗುತ್ತದೆ, ಅವನಿಗೂ ಪೂರ್ತಿ ಅಂಕ ಸಿಗುತ್ತದೆ. ಸಂಕೇತದ ಪ್ರಶ್ನೆಯಲ್ಲಾದರೆ ಅಂಥ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಳ್ಳಲು ಸಾಧ್ಯವಿರಲಿಲ್ಲ.